ಸತ್ಯಾಂಶ: ಮರಿ ಹಾಕಿದರೆ ಗಡ್ಡೆ ಬರಲ್ವಾ?

"ಹೆಣ್ಣು ನಾಯಿ ಒಂದ್ಸಲ ಮರಿ ಹಾಕಿದ್ರೆ ಮೊಲೆಗಡ್ಡೆ ಬರಲ್ಲ, ಸಂತಾನಹರಣದ ಆಪರೇಷನ್ ಬೇಡ."

ಸುಳ್ಳು. ಕಲಬುರಗಿಯ ನಮ್ಮ ಓಣಿಯ 10 ವರ್ಷದ ನಾಯಿ ಎರಡು ಸಲ ಮರಿ ಹಾಕಿತ್ತು, ಆದರೂ ಹಿಂದಿನ ಮೊಲೆ ಹತ್ತಿರ ತೊಗರಿಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಇಂಥವುಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕ್ಯಾನ್ಸರ್. ಯಾವುದು ಅಂತ ಮುಟ್ಟಿ ಹೇಳೋಕಾಗಲ್ಲ, ತೆಗೆದ ಗಡ್ಡೆಯನ್ನು ಲ್ಯಾಬ್‌ನಲ್ಲೇ ನೋಡಬೇಕು.

ಡಾಕ್ಟರ್ ಮೊದಲು ಎದೆಯ ಎಕ್ಸ್‌ರೇ ತೆಗೆಸಿದರು: ಎಡ, ಬಲ, ನೇರ, ಒಟ್ಟು ಮೂರು. ಈ ಕ್ಯಾನ್ಸರ್ ಹರಡುವುದು ಜಾಸ್ತಿ ಶ್ವಾಸಕೋಶಕ್ಕೆ, ಅಲ್ಲಿ ಆಗಲೇ ಚುಕ್ಕೆಗಳಿದ್ದರೆ ಗಡ್ಡೆ ಕೊಯ್ದರೂ ಕಾಯಿಲೆ ಹೋಗಲ್ಲ ಅಲ್ವಾ. ತೀರಾ ಸಣ್ಣವು ಕಾಣದೆಯೂ ಇರಬಹುದು.

ಸಂತಾನಹರಣದ ಸಮಯ? 1969ರ ಅಮೆರಿಕದ ಅಧ್ಯಯನದಲ್ಲಿ, ಮಾಡಿಸದ ನಾಯಿಗೆ ಈ ಗಡ್ಡೆಯ ಅಪಾಯ 100% ಅಂತ ಇಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆ ಮಾಡಿಸಿದಾಗ ಅಪಾಯ 0.5%, ಒಂದು ಬೆದೆಯ ನಂತರ 8%, ಎರಡರ ನಂತರ 26%. ಹಳೆಯ ಲೆಕ್ಕ, ಅಷ್ಟೇ ಗಟ್ಟಿಯಲ್ಲ ಅಂತ ಆಮೇಲೆ ಪ್ರಶ್ನೆಗಳೂ ಬಂದಿವೆ.