ಒಂದು ವರ್ಷದ ಮಗುವಿನ ಅಟ್ಯಾಚ್‌ಮೆಂಟ್ ಮುಂದಿನ ಸಂಬಂಧಗಳನ್ನ ರೂಪಿಸುತ್ತಾ? ಪರ-ವಿರೋಧ

ಪರ: ಹೌದು, ರೂಪಿಸುತ್ತೆ

ಮಗು ತನ್ನನ್ನ ನೋಡಿಕೊಳ್ಳೋರ ಜೊತೆ ಬೆಳೆಸಿಕೊಳ್ಳೋ ನಂಟೇ ಅಟ್ಯಾಚ್‌ಮೆಂಟ್. ಅದು ಎಂಥದ್ದು ಅಂತ ತಿಳಿಯೋಕೆ, ಅಮ್ಮ ಎದ್ದು ಹೋದಾಗ ಮಗು ಅಳುತ್ತೋ ಇಲ್ವೋ ಅಂತ ಎಲ್ರೂ ನೋಡ್ತಾರೆ. ನೋಡಬೇಕಾದ್ದು ಅದಲ್ಲ, ಅಮ್ಮ ವಾಪಸ್ ಬಂದಾಗ ಮಗು ಏನು ಮಾಡುತ್ತೆ ಅನ್ನೋದು. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ಪರೀಕ್ಷೆ ಮಾಡಿ ಕಂಡುಕೊಂಡಿದ್ದೇ ಇದು. ವರ್ಷದ ಆಸುಪಾಸಿನ ಮಗು, ಹೊಸ ರೂಮು, ಆಟದ ಸಾಮಾನು, ಪರಿಚಯ ಇಲ್ಲದ ಒಬ್ಬ ಹೆಂಗಸು, ಅಮ್ಮ ಎರಡು ಸಲ ಹೊರಗೆ ಹೋಗಿ ಬರ್ತಾಳೆ, ಒಂದೊಂದು ಹಂತ ಹೆಚ್ಚಂದ್ರೆ ಮೂರು ನಿಮಿಷ. ಕೆಲವು ಮಕ್ಕಳು ಓಡಿ ಬಂದು ಅಪ್ಪಿಕೊಂಡು ಸಮಾಧಾನ ಆಗಿ ಮತ್ತೆ ಆಟಕ್ಕೆ ಹೋಗ್ತಾವೆ, ಇದು ಸೆಕ್ಯೂರ್. ಕೆಲವು ಎತ್ತಿಕೋ ಅಂತ ಕೈ ಚಾಚ್ತಾವೆ, ಎತ್ತಿಕೊಂಡ್ರೆ ಒದೀತಾವೆ, ಎಷ್ಟೊತ್ತಾದ್ರೂ ಅಳು ನಿಲ್ಲಲ್ಲ. ಇನ್ನು ಕೆಲವು ಅಮ್ಮ ಬಂದಿದ್ದೇ ಗೊತ್ತಿಲ್ಲದ ಹಾಗೆ ಮುಖ ತಿರುಗಿಸಿ ಆಟದ ಸಾಮಾನು ತಿರುವುತ್ತಾ ಕೂರ್ತಾವೆ, ಇದು ಅವಾಯ್ಡೆಂಟ್.

ಈ ಮೂರನೇ ಮಗೂನ ನೋಡಿ "ಎಷ್ಟು ಜಾಣ, ಹಟಾನೇ ಇಲ್ಲ" ಅಂತಾರೆ. ಆದ್ರೆ 1970ರ ದಶಕದಲ್ಲೇ ಇಂಥ ಮಕ್ಕಳ ಎದೆಬಡಿತ ಅಳೆದು ನೋಡಿದ್ದಾರೆ, ಹೊರಗೆ ತಣ್ಣಗೆ ಕೂತಿದ್ದ ಮಗುವಿನ ಎದೆ ಒಳಗೆ ಜೋರಾಗೇ ಹೊಡ್ಕೊಳ್ತಿತ್ತು. ಅಂದ್ರೆ ಆ ಮಗುಗೆ ಅಮ್ಮ ಬೇಡ ಅಂತಲ್ಲ, ಬೇಕು ಅಂತ ತೋರಿಸಿದಾಗೆಲ್ಲ ದೂರ ತಳ್ಳಿಸಿಕೊಂಡು ತೋರಿಸದೇ ಇರೋದನ್ನ ಕಲ್ತಿದೆ. ಐನ್ಸ್‌ವರ್ತ್ ತಂಡ ಇದನ್ನ ಊಹೆ ಮಾಡಿ ಹೇಳಿದ್ದಲ್ಲ, 26 ಮನೆಗಳಿಗೆ ಮೊದಲ ವರ್ಷ ಪೂರ್ತಿ ಮೂರು ನಾಲ್ಕು ವಾರಕ್ಕೊಮ್ಮೆ ಹೋಗಿ ಗಂಟೆಗಟ್ಟಲೆ ಕೂತು ನೋಡಿತ್ತು.

ನನಗೆ ಇದು ಅರ್ಥ ಆಗಿದ್ದು ಪುಸ್ತಕದಿಂದಲ್ಲ. ನನ್ನ ಮಗಳಿಗೆ 13 ತಿಂಗಳು ಆದಾಗ ನಾನು ಐದು ದಿನ ಊರಲ್ಲಿರಲಿಲ್ಲ, ವಾಪಸ್ ಬಂದು ಬಾಗಿಲು ತೆಗೆದು ಕರೆದ್ರೆ ಒಂದ್ಸಲ ನೋಡಿ ಗೋಡೆ ಕಡೆ ತಿರುಗಿಬಿಟ್ಟಳು, ನಾನು ಹಾಗೇ ನೆಲದ ಮೇಲೆ ಕೂತೆ, ಸುಮಾರು ಹೊತ್ತಾದ ಮೇಲೆ ಹಿಮ್ಮುಖವಾಗಿ ಸರಿದು ಬಂದು ಬೆನ್ನು ತಾಗಿಸಿ ಕೂತಳು. ಮುಖ ಮಾತ್ರ ತೋರಿಸಲಿಲ್ಲ. (ಅದೊಂದೇ ಘಟನೆ ಹಿಡ್ಕೊಂಡು ಅವಳಿಗೆ ಲೇಬಲ್ ಹಚ್ಚೋಕಾಗಲ್ಲ, ಗೊತ್ತು. ಆದ್ರೂ ಆ ಬೆನ್ನು ಮರೆತಿಲ್ಲ.)

ಎಲ್ಲಾ ಹುಟ್ಟುಗುಣ ಅನ್ನೋರು ಇರ್ತಾರೆ, ಅವರ ಲೆಕ್ಕದಲ್ಲಿ ತಂದೆ ತಾಯಿ ಗಿಡಕ್ಕೆ ನೀರು ಹಾಕೋ ಕೊಳಾಯಿ ಅಷ್ಟೇ. 1994ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನ ನೋಡಲಿ. ಹುಟ್ಟಿನಿಂದಲೇ ಕಿರಿಕಿರಿ ಸ್ವಭಾವದ 100 ಮಕ್ಕಳು, ಅರ್ಧ ತಾಯಂದಿರಿಗೆ ಮಗುವಿನ ಸೂಚನೆ ಗುರುತಿಸಿ ಸ್ಪಂದಿಸೋದನ್ನ ಬರೀ ಮೂರು ಭೇಟಿಯಲ್ಲಿ ಹೇಳಿಕೊಟ್ರು. ವರ್ಷ ತುಂಬಿದಾಗ ಆ ಗುಂಪಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೆಕ್ಯೂರ್, ಉಳಿದ ಗುಂಪಲ್ಲಿ ಅರ್ಧದಷ್ಟೂ ಇಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ 1970ರ ದಶಕದಿಂದ ಹಿಂಬಾಲಿಸಿದ ಮಕ್ಕಳಲ್ಲಂತೂ ಒಂದು ಸರಪಳಿನೇ ಕಾಣುತ್ತೆ: ವರ್ಷದ ವಯಸ್ಸಲ್ಲಿ ಸೆಕ್ಯೂರ್ ಇದ್ದೋರು ಶಾಲೆಯಲ್ಲಿ ಬೇರೆ ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಂಡ್ರು, ಅಂಥೋರಿಗೆ 16ರಲ್ಲಿ ಗಟ್ಟಿ ಗೆಳೆತನ ಇತ್ತು, ಆ ಗೆಳೆತನ ಇದ್ದೋರ ಪ್ರೇಮಸಂಬಂಧ ಇಪ್ಪತ್ತು ದಾಟಿದ ಮೇಲೂ ಹಿತವಾಗಿತ್ತು.

ವಿರೋಧ: ಅಷ್ಟೊಂದೇನಿಲ್ಲ

ನನ್ನನ್ನ ಈ ಕಡೆಗೆ ಬರೀರಿ ಅಂದ್ರು, ಬರೀತಿದೀನಿ. ಎದೆಬಡಿತದ ವಿಷಯಕ್ಕೆ ನನ್ನ ತಕರಾರಿಲ್ಲ.

ಆದ್ರೆ ತಾಯಿಯ ಸ್ಪಂದನೆಗೂ ಮಗುವಿನ ಸೆಕ್ಯೂರಿಟಿಗೂ ಇರೋ ನಂಟು ಎಷ್ಟು? 1997ರಲ್ಲಿ ಹತ್ತಾರು ಅಧ್ಯಯನ ಒಟ್ಟುಹಾಕಿ ನೋಡಿದಾಗ ಸಿಕ್ಕಿದ್ದು 0.24, ಪೂರ್ತಿ ನಂಟಿದ್ರೆ 1 ಬರಬೇಕು. ಇದೆ, ಆದ್ರೆ ಎಲ್ಲಾ ಅದರಿಂದಲೇ ಅನ್ನೋಷ್ಟಿಲ್ಲ. ಅದೂ ಅಲ್ದೆ ಒಂದೇ ಮಗು ಅಮ್ಮನ ಜೊತೆ ಸೆಕ್ಯೂರ್ ಇದ್ದು ಅಪ್ಪನ ಜೊತೆ ಇಲ್ದೇ ಇರಬಹುದು. ಹಾಗಾದ್ರೆ ಅದು ಮಗುವಿನ ಸ್ಟೈಲ್ ಹೇಗಾಗುತ್ತೆ, ಆ ಇಬ್ಬರ ನಡುವಿನ ಸಂಬಂಧದ ಗುಣ ಅಲ್ವಾ? ಜಪಾನಿನ ಸಪ್ಪೊರೊದಲ್ಲಿ ಇದೇ ಪರೀಕ್ಷೆ ಮಾಡಿದಾಗ ಮುಖ ತಿರುಗಿಸೋ ಗುಂಪಿಗೆ ಸೇರೋ ಮಕ್ಕಳೇ ಸಿಗಲಿಲ್ಲ, ಅಳು ನಿಲ್ಲದ ಮಕ್ಕಳು ಅಮೆರಿಕದಲ್ಲಿದ್ದಿದ್ದಕ್ಕಿಂತ ಜಾಸ್ತಿ, ಅಮ್ಮನ ಬಿಟ್ಟು ಇರೋದೇ ಆ ಮಕ್ಕಳಿಗೆ ಅಭ್ಯಾಸ ಇರಲಿಲ್ಲ ಅನ್ನೋದು ಅದಕ್ಕೆ ಕೊಡೋ ಕಾರಣ.

ಮಿನ್ನೆಸೋಟಾ ಸರಪಳಿ ಬಗ್ಗೆ ಮಾತಾಡೋಕೆ ಹೋದ್ರೆ ಲೇಖನ ಮುಗಿಯಲ್ಲ, ಬಿಡಿ. ನನಗೆ ಸಿಟ್ಟು ಬರೋದು ದೊಡ್ಡೋರಿಗೆ ನಿಮ್ಮ ಅಟ್ಯಾಚ್‌ಮೆಂಟ್ ಸ್ಟೈಲ್ ಇದು ಅಂತ ಹೇಳೋ ಆನ್‌ಲೈನ್ ಕ್ವಿಜ್ ನೋಡಿ. ಅಲ್ಲಿ ಕೇಳೋದು ಈಗ ಸಂಗಾತಿ ಬಗ್ಗೆ ನಿಮಗೇನನ್ಸುತ್ತೆ ಅಂತ. ಬಾಲ್ಯದ ಬಗ್ಗೆ ಸುಮಾರು ಒಂದು ಗಂಟೆ ಮಾತಾಡಿಸಿ, ಏನು ಹೇಳಿದ್ರು ಅನ್ನೋದಕ್ಕಿಂತ ಹೇಗೆ ಹೇಳಿದ್ರು ಅಂತ ಅಳೆಯೋ ಸಂದರ್ಶನವೇ ಬೇರೆ. ಇವೆರಡರ ಫಲಿತಾಂಶ ಒಂದಕ್ಕೊಂದು ತಾಳೆ ಆಗೋದು ತೀರಾ ಕಡಿಮೆ, ಆದ್ರೆ ಹೆಸರು ಮಾತ್ರ ಎರಡಕ್ಕೂ ಒಂದೇ.

ನನ್ನ ಗೆಳೆಯನೊಬ್ಬ ಅಂಥ ಕ್ವಿಜ್ ಮಾಡಿ ತಾನು ಅವಾಯ್ಡೆಂಟ್ ಅಂತ ಘೋಷಿಸಿಕೊಂಡ. ಆಮೇಲೆ ಹೆಂಡತಿ ಮೆಸೇಜ್‌ಗೆ ಎರಡು ದಿನ ಉತ್ತರ ಇಲ್ಲ, ಜಗಳ ಆದ್ರೆ ಬೈಕ್ ಹತ್ತಿ ಹೊರಟುಬಿಡೋದು, ಕೇಳಿದ್ರೆ "ನಮ್ಮಮ್ಮ ನನ್ನ ಎತ್ತಿಕೊಳ್ತಿರಲಿಲ್ಲ". ಒಂದಿನ ಅವರಮ್ಮನೇ ಎದುರಿಗಿದ್ರು. "ಲೋ, ಎರಡು ವರ್ಷ ನಿನ್ನ ಕೆಳಗೇ ಇಳಿಸಿಲ್ಲ ಕಣೋ, ಸೊಂಟ ಇವತ್ತಿಗೂ ನೋಯುತ್ತೆ" ಅಂದ್ರು. ಅವನು ಬೈಕ್ ಕೀ ಹುಡುಕ್ತಿದ್ದ.