ನೀರು ಕುಡಿದರೂ ಕೊಬ್ಬಂತೆ!

ಬೆಳಗ್ಗೆ ಜಿಮ್‌ನಲ್ಲಿ ಒಬ್ಬ ಹುಡುಗ ಸಪ್ಪೆ ಮುಖ ಹಾಕಿಕೊಂಡು ಫೋನ್ ತೋರಿಸಿದ. "ಅಣ್ಣಾ, ಸ್ಮಾರ್ಟ್ ತೂಕದ ಮೆಷಿನ್‌ನಲ್ಲಿ ನಿನ್ನೆ ಕೊಬ್ಬು 22.1 ಪರ್ಸೆಂಟ್ ಇತ್ತು, ಇವತ್ತು 24.8. ನಾನೇನು ತಪ್ಪು ಮಾಡಿದೆ?"

ಅವನ ತೂಕ 78 ಕೆಜಿ. ಅಂದರೆ ಒಂದೇ ರಾತ್ರಿಗೆ ಎರಡು ಕೆಜಿಗಿಂತ ಜಾಸ್ತಿ ಕೊಬ್ಬು! ಅಷ್ಟು ಬೆಳೆಸಬೇಕಾದರೆ ಸುಮಾರು ಹದಿನೈದು ಸಾವಿರ ಕ್ಯಾಲರಿ ಹೆಚ್ಚಿಗೆ ತಿನ್ನಬೇಕು. ಇವನು ಮಲಗಿದ್ದ ಪಾಪ.

ಮೊದಲಿಂದಲೂ ನನಗೆ ಈ ಸ್ಮಾರ್ಟ್ ತೂಕದ ಮೆಷಿನ್ ಕಂಡರೆ ಉರಿ. ಅದು ಕೊಬ್ಬನ್ನು ಅಳೆಯುವುದೇ ಇಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಬಿಟ್ಟು ಎಷ್ಟು ತಡೆ ಬಂತು ಅಂತ ನೋಡುತ್ತದೆ. ನೀರಿರುವ ಕಡೆ ಕರೆಂಟ್ ಸಲೀಸಾಗಿ ಹೋಗುತ್ತದೆ, ಕೊಬ್ಬಲ್ಲಿ ಹೋಗುವುದಿಲ್ಲ. ಆ ತಡೆಯಿಂದ ಮೈಯಲ್ಲಿ ನೀರೆಷ್ಟು ಅಂತ ಅಂದಾಜು, ನೀರಿಂದ ಮಾಂಸಖಂಡ ಮೂಳೆ ಎಲ್ಲ ಎಷ್ಟು ಅಂತ ಇನ್ನೊಂದು ಅಂದಾಜು. ತೂಕದಲ್ಲಿ ಅದನ್ನು ಕಳೆದು ಉಳಿದದ್ದು ಕೊಬ್ಬು! ಅದೂ ಕರೆಂಟ್ ಓಡಾಡುವುದು ಹೆಚ್ಚಾಗಿ ಕಾಲಲ್ಲೇ. ಹೊಟ್ಟೆಯ ಕಥೆ ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಮನೆಯಲ್ಲೇ ನೋಡಿ. ಒಮ್ಮೆ ನಿಲ್ಲಿ, ಒಂದು ಲೀಟರ್ ನೀರು ಕುಡಿದು ತಕ್ಷಣ ಮತ್ತೆ ನಿಲ್ಲಿ. ನನಗೆ 24.0 ಇದ್ದದ್ದು 24.7 ಆಯಿತು. ತೂಕ ಒಂದು ಕೆಜಿ ಏರಿತು, ನೀರಿನ್ನೂ ಹೊಟ್ಟೆಯಲ್ಲೇ ಇದೆ, ಕಾಲಿನ ತಡೆ ಬದಲಾಗಿಲ್ಲ. ಹಾಗಾಗಿ ಕುಡಿದ ನೀರಲ್ಲಿ ಮುಕ್ಕಾಲು ಪಾಲು ಕೊಬ್ಬಿನ ಖಾತೆಗೆ! ಆಮೇಲೆ ಆ್ಯಪ್‌ನಲ್ಲಿ 'ಅಥ್ಲೀಟ್' ಅಂತ ಒತ್ತಿದೆ. 18ಕ್ಕೆ ಇಳಿಯಿತು. ಬೆವರೂ ಬರಲಿಲ್ಲ.

"ಕ್ಯಾಲಿಪರ್ ವಾಸಿ ಅಲ್ವಾ" ಅನ್ನುವವರಿದ್ದಾರೆ. ಸ್ವಲ್ಪ ವಾಸಿ, ಹಿಡಿಯುವ ಕೈ ಪಳಗಿದ್ದರೆ. ಗಂಡಸರಿಗೆ ಎದೆ, ಹೊಟ್ಟೆ, ತೊಡೆ ಮೂರು ಕಡೆ ಚರ್ಮವನ್ನು ಈ ಚಿಮುಟದಂಥದ್ದರಲ್ಲಿ ಹಿಡಿದು, ದಪ್ಪ ಎಷ್ಟು ಮಿಲಿಮೀಟರ್ ಅಂತ ಕೂಡಿಸುತ್ತಾರೆ. 1978ರ ಜಾಕ್ಸನ್-ಪೊಲಾಕ್ ಸೂತ್ರದಲ್ಲಿ, 40 ವರ್ಷದವನಿಗೆ ಮೊತ್ತ 60 ಬಂದರೆ ಸುಮಾರು 19 ಪರ್ಸೆಂಟ್. ಒಂದೊಂದು ಕಡೆ ನಾಲ್ಕೇ ಮಿಲಿಮೀಟರ್ ದಪ್ಪ ಹಿಡಿದರೆ 22 ದಾಟುತ್ತದೆ. ಹೊಟ್ಟೆ ಒಳಗೆ ಕರುಳಿನ ಸುತ್ತ ಕೂತ ಕೊಬ್ಬು ಹೇಗೂ ಚಿಮುಟಕ್ಕೆ ಸಿಗುವುದಿಲ್ಲ.

ಇನ್ನು 'ಇಷ್ಟು ಪರ್ಸೆಂಟ್ ಕೊಬ್ಬಿದ್ದರೆ ಮೈ ಹೀಗಿರುತ್ತದೆ' ಅನ್ನುವ ಫೋಟೋ ಪಕ್ಕ ಇಟ್ಟುಕೊಂಡು "ನಾನು 15" ಅನ್ನುವವರು. ಆ ಫೋಟೋದವನು ಮೇಲಿಂದ ಲೈಟ್ ಬಿಡಿಸಿಕೊಂಡು, ಉಸಿರು ಹಿಡಿದು ನಿಂತಿದ್ದಾನೆ ಸ್ವಾಮಿ. ನೀವು ಬಾತ್‌ರೂಮ್ ಟ್ಯೂಬ್‌ಲೈಟ್ ಕೆಳಗಿದ್ದೀರಿ.

"ಮೆಷಿನ್ ನಂಬರ್ ತಪ್ಪಾದರೂ ಪರವಾಗಿಲ್ಲ, ಏರಿತಾ ಇಳಿಯಿತಾ ಗೊತ್ತಾಗುತ್ತಲ್ಲ" ಅಂತ ಕಮೆಂಟ್ ಬರುತ್ತದೆ, ಗೊತ್ತು. ದಿನಾ ಎದ್ದ ಕೂಡಲೇ, ಏನೂ ಕುಡಿಯದೆ ನಿಂತು ತಿಂಗಳುಗಟ್ಟಲೆ ನೋಡಿದರೆ ಒಂದಿಷ್ಟು ಗೊತ್ತಾಗಬಹುದು. ಆದರೆ ಮೆಷಿನ್‌ನ ಸೂತ್ರದೊಳಗೆ ತೂಕವೂ ಸೇರಿದೆ. ತೂಕ ಇಳಿದರೆ ಪರ್ಸೆಂಟೂ ಇಳಿಯುತ್ತದೆ. ಅಷ್ಟಕ್ಕೆ ಹಳೇ ಮುಳ್ಳಿನ ಮೆಷಿನ್ ಸಾಕಿತ್ತು, ಜೊತೆಗೆ ಸೊಂಟಕ್ಕೊಂದು ಟೇಪು.

ಹುಡುಗನಿಗೆ ಇಷ್ಟೆಲ್ಲ ಹೇಳಿ ಮನೆಗೆ ಬಂದೆ. ಬಂದು ಸುಮ್ನೆ ಮೆಷಿನ್ ಮೇಲೆ ನಿಂತೆ. 23.6. ಖುಷಿ ಆಯಿತು, ಏನ್ಮಾಡೋದು.