ಅಂಗದಾನದ ಘೋಷಣೆ ಯಾರನ್ನು ಉದ್ದೇಶಿಸಿರಬೇಕು?

ಊರಿಗೆ ಬಂದಾಗಲೆಲ್ಲ ಅಂಗದಾನದ ಗೋಡೆ ಬರಹಗಳನ್ನು ನಿಂತು ಓದುತ್ತೇನೆ. ‘ಮಣ್ಣಾಗುವ ಅಂಗ ಇನ್ನೊಬ್ಬರಿಗೆ ಜೀವವಾಗಲಿ’ ಎನ್ನುವ ಧಾಟಿಯವೇ ಜಾಸ್ತಿ. ಉದ್ದೇಶ ಒಳ್ಳೆಯದೇ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಿಗೆ ಮಣ್ಣು ಮಾಡುವುದೇ ಸತ್ತವರಿಗೆ ಸಲ್ಲಿಸುವ ಕೊನೆಯ ಮರ್ಯಾದೆ. ಅದನ್ನು ದಂಡ ಎನ್ನುವ ಹಾಗೆ ಹೇಳಿದರೆ ನೋವಾಗುತ್ತದೆ.

ನಾನಿರುವ ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳಲ್ಲಿ ಕಾನೂನು ಬದಲಾಯಿತು. ಬೇಡ ಎಂದು ಬರೆಸದ ವಯಸ್ಕರಿಗೆ, ಕೆಲವರನ್ನು ಬಿಟ್ಟು, ದಾನಕ್ಕೆ ಒಪ್ಪಿಗೆ ಇದೆ ಎಂದೇ ಲೆಕ್ಕ. ಆದರೂ ಆಸ್ಪತ್ರೆಯವರು ಮನೆಯವರ ಜೊತೆ ಕೂತು ಮಾತಾಡದೆ ಮುಂದುವರಿಯುವುದಿಲ್ಲ. ಹಾಗಾಗಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು ಮರುವರ್ಷ ‘ಲೀವ್ ದೆಮ್ ಸರ್ಟನ್’ ಎಂಬ ಪ್ರಚಾರ ನಡೆಸಿದರು. ನಿಮ್ಮ ಇಷ್ಟ ಏನು ಎಂಬ ಗೊಂದಲದಲ್ಲಿ ಮನೆಯವರನ್ನು ಬಿಟ್ಟುಹೋಗಬೇಡಿ ಎನ್ನುವುದು ಅದರ ಸಾರ. ದಾನ ಮಾಡಿ ಎಂಬ ಒತ್ತಾಯ ಅದರಲ್ಲಿಲ್ಲ, ಮನೆಯಲ್ಲಿ ಹೇಳಿಬಿಡಿ ಎನ್ನುತ್ತದೆ ಅಷ್ಟೇ. ಹೆಸರು ನೋಂದಾಯಿಸುವಾಗ ಇನ್ನೊಂದು ಪ್ರಶ್ನೆಯೂ ಇರುತ್ತದೆ: ನಿಮ್ಮ ಧರ್ಮ, ನಂಬಿಕೆಗೆ ತಕ್ಕಂತೆ ದಾನ ನಡೆಸುವುದು ಹೇಗೆಂದು ನಿಮ್ಮವರ ಜೊತೆ ಮಾತಾಡಬೇಕೇ? ಹೌದು ಎಂದು ಗುರುತು ಹಾಕಬಹುದು. ಈ ಒಂದು ಸಾಲು ನನಗೆ ಬಹಳ ಹಿಡಿಸಿತು.

ನಮ್ಮಲ್ಲಿ ಇದು ಇನ್ನೂ ಹೆಚ್ಚು ಬೇಕು. ಭಾರತದ 1994ರ ಕಾನೂನಿನ ಪ್ರಕಾರ ಉಸಿರಾಟವನ್ನು ನಡೆಸುವ ಮಿದುಳು ಕಾಂಡ ಸತ್ತಿದೆ ಎಂದು ನಾಲ್ಕು ವೈದ್ಯರ ತಂಡ ಖಚಿತಪಡಿಸಬೇಕು. ಪರೀಕ್ಷೆಯನ್ನು ಎರಡು ಸಲ, ಕನಿಷ್ಠ ಆರು ಗಂಟೆ ಅಂತರದಲ್ಲಿ ಮಾಡಬೇಕು. ಆಮೇಲೆ ಹತ್ತಿರದ ಸಂಬಂಧಿಕರ ಒಪ್ಪಿಗೆ ಕೇಳುತ್ತಾರೆ. ತೀರಿಕೊಂಡವರು ಪ್ರತಿಜ್ಞೆ ಮಾಡಿ ಕಾರ್ಡ್ ಇಟ್ಟುಕೊಂಡಿದ್ದರೂ ಮನೆಯವರು ಬೇಡ ಎಂದರೆ ಅಲ್ಲಿಗೆ ನಿಂತಿತು. ಅಂದರೆ ಕೊನೆಯ ಮಾತು ಮನೆಯವರದು. ಘೋಷಣೆಗಳು ಮಾತ್ರ ‘ಪ್ರತಿಜ್ಞೆ ಮಾಡಿ’ ಎಂದು ಒಬ್ಬೊಬ್ಬರನ್ನೇ ಕರೆಯುತ್ತವೆ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನ ತಾಯಿಯನ್ನು ನೆನೆಸಿಕೊಳ್ಳಿ. ವೆಂಟಿಲೇಟರ್ ಇರುವುದರಿಂದ ಮಗನ ಎದೆ ಏರಿಳಿಯುತ್ತಿದೆ. ಮೈ ಬೆಚ್ಚಗಿದೆ. ‘ಉಸಿರಾಡ್ತಿದಾನಲ್ಲ ಡಾಕ್ಟ್ರೇ’ ಎನ್ನುತ್ತಾಳೆ. ಅವಳಿಗೆ ‘ದಧೀಚಿಯಂತೆ ತ್ಯಾಗಿಯಾಗಿ’, ‘ಬೇಡರ ಕಣ್ಣಪ್ಪನಂತೆ ಕೊಡಿ’ ಎಂದರೆ ಏನನ್ನಿಸಬೇಕು? ದಧೀಚಿ ಕೊಟ್ಟದ್ದು ತನ್ನ ಎಲುಬು, ಕಣ್ಣಪ್ಪ ಕೊಟ್ಟದ್ದು ತನ್ನ ಕಣ್ಣು. ಈ ತಾಯಿಯನ್ನು ಕೇಳುತ್ತಿರುವುದು ಮಗನ ದೇಹವನ್ನು. ಮಗನಿಗೆ ಏನಿಷ್ಟವಿತ್ತು ಎಂದು ಗೊತ್ತಿದ್ದರೆ ಅವಳ ಹೆಗಲ ಭಾರ ಎಷ್ಟೋ ಇಳಿಯುತ್ತದೆ. ಗೊತ್ತಿಲ್ಲದಿದ್ದರೆ, ಊಹಿಸಿ ತಪ್ಪು ಮಾಡುವುದಕ್ಕಿಂತ ಬೇಡ ಎನ್ನುವುದೇ ಕ್ಷೇಮ ಎನ್ನಿಸುತ್ತದೆ. ಅದು ಮೂಢನಂಬಿಕೆಯಲ್ಲ, ಪ್ರೀತಿ.

ರಾಜ್‌ಕುಮಾರ್ ಅವರ ಮನೆಯನ್ನೇ ನೋಡಿ. 2006ರಲ್ಲಿ ತಂದೆಯ ಕಣ್ಣು ದಾನವಾಯಿತು. 2021ರಲ್ಲಿ ಪುನೀತ್ ಹಠಾತ್ತಾಗಿ ತೀರಿಕೊಂಡಾಗ ಅಂಥ ಆಘಾತದಲ್ಲೂ ಅವರ ಕಣ್ಣು ದಾನವಾಯಿತು. ಒಂದು ಮನೆಯಲ್ಲಿ ಒಮ್ಮೆ ಇದರ ಮಾತು ಬಂದಿದ್ದರೆ ಆ ಗಳಿಗೆ ಸ್ವಲ್ಪ ಸುಲಭವಾಗುತ್ತದೆ, ಅಲ್ವಾ?

ಆದ್ದರಿಂದ ನನಗೆ ಬೇಕಾದ ಮೊದಲ ಘೋಷಣೆ ಇದು: ‘ಕೊಡುವ ಮನಸ್ಸಿದೆಯೋ, ಇಲ್ಲವೋ, ಮನೆಯಲ್ಲಿ ಇವತ್ತೇ ಹೇಳಿ.’ ಇಲ್ಲ ಎನ್ನುವವರಿಗೂ ಇದರಲ್ಲಿ ಜಾಗವಿದೆ. ಅದಕ್ಕೇ ಇದು ಗದರಿದಂತೆ ಕೇಳುವುದಿಲ್ಲ.

ಎರಡನೆಯದು ಅಂತ್ಯಕ್ರಿಯೆಗಳ ಬಗ್ಗೆ ಇರಬೇಕು. ಅಂಗ ತೆಗೆದ ಮೇಲೆ ಗಾಯವನ್ನು ಹೊಲಿದು ದೇಹವನ್ನು ಮನೆಗೆ ಕೊಡುತ್ತಾರೆ. ಮುಖ ನೋಡಬಹುದು, ಸ್ನಾನ ಮಾಡಿಸಬಹುದು, ವಿಧಿಗಳನ್ನು ನಡೆಸಬಹುದು. ‘ಕೊಟ್ಟ ಮೇಲೂ ನಿಮ್ಮ ಪದ್ಧತಿಯಂತೆಯೇ ಕಳುಹಿಸಿಕೊಡಿ’ ಎಂದರೆ ಸಾಕು. ಮುಂದಿನ ಜನ್ಮದಲ್ಲಿ ಕಣ್ಣಿಲ್ಲದೆ ಹುಟ್ಟುತ್ತಾರೆ ಎಂದು ಹೆದರುವ ಅಜ್ಜಿಯ ಜೊತೆ ಗೋಡೆ ಬರಹ ವಾದಕ್ಕಿಳಿಯಬಾರದು. ಆ ಮಾತನ್ನು ಅವರು ನಂಬುವ ಸ್ವಾಮಿಗಳೋ ಮೌಲ್ವಿಯೋ ಪಾದ್ರಿಯೋ ಮನೆಯ ಹಿರಿಯರೋ ಆಡಬೇಕು.

ಆದರೆ ಅರ್ಧ ಸತ್ಯ ಬೇಡ. ದೇಹ ಕೈಗೆ ಬರುವುದು ತಡವಾಗುತ್ತದೆ. ಅಪಘಾತವಾಗಿದ್ದರೆ ಪೊಲೀಸರ ಕಾಗದ, ಪೋಸ್ಟ್‌ಮಾರ್ಟಂ ಕೂಡ ಇರುತ್ತದೆ. ಸೂರ್ಯ ಮುಳುಗುವ ಮುಂಚೆ ಸಂಸ್ಕಾರ ಮುಗಿಸಬೇಕೆನ್ನುವ ಮನೆಗೆ ಇದು ಸಣ್ಣ ವಿಷಯವಲ್ಲ. ಇದನ್ನು ಘೋಷಣೆಯಲ್ಲಿ ಹೇಳಲಾಗದು. ಮನೆಯವರ ಜೊತೆ ಮಾತಾಡುವ ಆಸ್ಪತ್ರೆಯ ಅಂಗದಾನ ಸಮನ್ವಯಕಾರರು ಒಪ್ಪಿಗೆ ಕೇಳುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆಯ ನಂತರ ಅಂಗಗಳನ್ನು ಕಾಪಾಡುವ, ತೆಗೆಯುವ ಖರ್ಚು ದಾನಿಯ ಮನೆಯವರದಲ್ಲ ಎಂದು ನಿಯಮವಿದೆ, ಅದನ್ನೂ ಹೇಳಬೇಕು.

ಐಸಿಯು ಹೊರಗಿನ ಗೋಡೆಗೆ ಮಾತ್ರ ಬೇರೆಯದೇ ಸಾಲು ಇರಲಿ. ಅಲ್ಲಿ ಕೂತವರಲ್ಲಿ ಹೆಚ್ಚಿನವರು ಇನ್ನೂ ತಮ್ಮವರು ಉಳಿಯಲಿ ಎಂದು ಕಾಯುತ್ತಿರುತ್ತಾರೆ. ‘ಒಬ್ಬ ದಾನಿಯಿಂದ ಎಂಟು ಜೀವ’ ಎಂಬ ಲೆಕ್ಕ ಅವರ ಕಣ್ಣಿಗೆ ಬೀಳಬಾರದು. ‘ಏನು ಬೇಕಾದರೂ ಕೇಳಿ, ಎಷ್ಟು ಸಲ ಬೇಕಾದರೂ ಕೇಳಿ’ ಎಂದು ಬರೆದು, ಕೆಳಗೆ ಉತ್ತರಿಸುವವರ ಹೆಸರು, ಅವರು ಕೂರುವ ಕೋಣೆಯ ಸಂಖ್ಯೆ ಹಾಕಲಿ.